ಲೆಂಟರ್ ಹಾಕಿದ ಮೇಲೆ ನೀರು ಎಷ್ಟು ದಿನ? ದೆಹಲಿ ಬಿಸಿಲಲ್ಲಿ ಕಾಂಕ್ರೀಟ್ ಕ್ಯೂರಿಂಗ್

ವಿಡಿಯೋ ನೋಡೋಕೆ ಸಮಯ ಇಲ್ಲ, ಬರಹದಲ್ಲಿ ಕೊಡಿ ಅಂತ ತುಂಬಾ ಜನ ಕೇಳ್ತಾ ಇರ್ತೀರಿ. ಅದಕ್ಕೇ ಈ ಸಲದ ಮಾತನ್ನ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ. ವಿಷಯ ಕ್ಯೂರಿಂಗ್, ಅಂದ್ರೆ ಹೊಸ ಕಾಂಕ್ರೀಟ್‌ಗೆ ನೀರು ಕಟ್ಟೋದು. ದೆಹಲಿ, ನೋಯ್ಡಾ, ಗುರುಗ್ರಾಮ, ಫರೀದಾಬಾದ್ ಕಡೆ ಮನೆ ಕಟ್ಟಿಸ್ತಿರೋ ನಮ್ಮ ಕನ್ನಡದವರಿಗೆ ಇದು ನೇರವಾಗಿ ಬೇಕಾಗೋ ವಿಷಯ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರೂ ಓದಿ, ನಿಮ್ಮ ಬಿಸಿಲೇನೂ ಕಡಿಮೆ ಇಲ್ಲ.

ಮೊದಲು ಎರಡು ಮಾತಿನ ಪರಿಚಯ. ನಮ್ಮಲ್ಲಿ ‘ಮೋಲ್ಡ್ ಹಾಕಿದ್ರು’ ಅಂತೀವಲ್ಲ, ಅದನ್ನ ಇಲ್ಲಿನವರು ‘ಲೆಂಟರ್ ಹಾಕಿದ್ರು’ ಅಂತಾರೆ. ಆಮೇಲೆ ನೀರು ಹಾಯಿಸೋ ಕೆಲಸಕ್ಕೆ ‘ತರಾಯಿ’ ಅಂತಾರೆ. ಈ ಎರಡು ಪದ ಗೊತ್ತಿದ್ರೆ ಠೇಕೇದಾರನ ಜೊತೆ ಅರ್ಧ ಮಾತುಕತೆ ಮುಗಿದ ಹಾಗೆ.

ಮಧ್ಯಾಹ್ನ ಎರಡೂವರೆಗೆ ಬಂದ ಫೋನು

ಒಂದು ಮೇ ತಿಂಗಳು. ಗ್ರೇಟರ್ ನೋಯ್ಡಾದಲ್ಲಿ ಮನೆ ಕಟ್ಟಿಸ್ತಿದ್ದ ಧಾರವಾಡ ಕಡೆಯ ಒಬ್ಬ ಅಕ್ಕ ಫೋನ್ ಮಾಡಿದ್ರು. “ಸರ್, ಮುಂಜಾನೆ ಹಾಕಿದ ಲೆಂಟರ್ ಆಗ್ಲೇ ಸೀಳಿ ಬಿಟ್ಟೈತ್ರಿ. ಠೇಕೇದಾರ ಏನೂ ಆಗಂಗಿಲ್ಲ, ನಾಳೆ ತರಾಯಿ ಮಾಡಿದ್ರ ಮುಚ್ಚತಾವ ಅಂತಾನ. ಖರೇನ್ರಿ?”

ಖರೆ ಅಲ್ಲ. ಒಮ್ಮೆ ಬಿಟ್ಟ ಬಿರುಕನ್ನ ನಾಳೆಯ ನೀರು ಮುಚ್ಚಲ್ಲ. ಫೋಟೋ ಕಳಿಸಿ ಅಂದೆ. ನೂರು ಗಜದ ತಾರಸಿ, ಅಂದ್ರೆ 900 ಚದರ ಅಡಿ, ಐದು ಇಂಚು ದಪ್ಪ. ಬೆಳಗ್ಗೆ ಎಂಟಕ್ಕೆ ಶುರು ಮಾಡಿ ಹನ್ನೆರಡೂವರೆಗೆ ಮುಗಿಸಿದ್ರು. ಆಮೇಲೆ ಎಲ್ಲರೂ ಊಟಕ್ಕೆ ಹೋದ್ರು, ತಾರಸಿ ಬಿಸಿಲಲ್ಲಿ ಬರಿಮೈಯಲ್ಲಿ ಬಿದ್ದಿತ್ತು. ಬಿರುಕುಗಳು ಓರೆಯಾಗಿ, ಒಂದಕ್ಕೊಂದು ಹೆಚ್ಚುಕಮ್ಮಿ ಸಮಾನಾಂತರವಾಗಿ, ಒಂದೆರಡು ಅಡಿಗೊಂದರಂತೆ ಇದ್ವು. ನೋಡಿದ ತಕ್ಷಣ ಗೊತ್ತಾಗುತ್ತೆ, ಇದು ಭಾರಕ್ಕೆ ಬಿಟ್ಟ ಬಿರುಕಲ್ಲ, ಕಂಬಿ ಕಡಿಮೆ ಆಗಿದ್ದಕ್ಕೂ ಅಲ್ಲ. ಕಾಂಕ್ರೀಟ್ ಇನ್ನೂ ಮೆತ್ತಗಿರುವಾಗಲೇ ಮೈ ಒಣಗಿ ಬಿಟ್ಟ ಬಿರುಕು.

ಈ ಒಂದು ತಾರಸಿಯನ್ನೇ ಇಟ್ಕೊಂಡು ಇಡೀ ವಿಷಯ ನೋಡೋಣ. ಇದರಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಇವೆ. ಒಂದು ಮೊದಲ ಕೆಲವು ಗಂಟೆಗಳದ್ದು, ಇನ್ನೊಂದು ಮುಂದಿನ ಎರಡು ವಾರದ್ದು. ನಮ್ಮ ಜನ ಎರಡನ್ನೂ ಒಂದೇ ಅಂದ್ಕೊಂಡು, ‘ನಾಳೆಯಿಂದ ನೀರು ಹೊಡೆದ್ರಾಯ್ತು’ ಅಂತ ಬಿಡ್ತಾರೆ. ತೊಂದರೆ ಶುರುವಾಗೋದೇ ಅಲ್ಲಿ.

ಸಿಮೆಂಟ್ ಒಣಗಿ ಗಟ್ಟಿಯಾಗಲ್ಲ

ಜೇಡಿಮಣ್ಣಿನ ಹಸಿ ಇಟ್ಟಿಗೆ ಬಿಸಿಲಿಗೆ ಒಣಗಿದ್ರೆ ಗಟ್ಟಿಯಾಗುತ್ತೆ. ಅದನ್ನ ನೋಡಿದ ಕಣ್ಣಿಗೆ ಕಾಂಕ್ರೀಟೂ ಹಾಗೇ ಕಾಣುತ್ತೆ. ಆದ್ರೆ ಅದು ತಪ್ಪು. ಮಣ್ಣನ್ನ ಮತ್ತೆ ನೀರಿಗೆ ಹಾಕಿದ್ರೆ ಕರಗುತ್ತೆ, ಕಾಂಕ್ರೀಟ್ ನೀರಿನೊಳಗೆ ಇನ್ನೂ ಗಟ್ಟಿಯಾಗುತ್ತೆ. ಯಮುನಾ ಸೇತುವೆಗಳ ಕಂಬಗಳು ನೀರೊಳಗೇ ನಿಂತಿಲ್ವಾ?

ಆಗೋದು ಇಷ್ಟು. ಸಿಮೆಂಟಿನ ಒಂದೊಂದು ಕಣವೂ ನೀರಿನ ಜೊತೆ ಸೇರಿ ರಾಸಾಯನಿಕವಾಗಿ ಬದಲಾಗುತ್ತೆ. ಕಣದ ಮೈಮೇಲೆ ಅಂಟಿನಂಥ ಹೊಸ ವಸ್ತು ಬೆಳೀತಾ ಹೋಗುತ್ತೆ. ಮೊದಲು ನೀರು ತುಂಬಿದ್ದ ಸಣ್ಣ ಸಣ್ಣ ಜಾಗಗಳನ್ನ ಅದು ತುಂಬಿಕೊಳ್ಳುತ್ತೆ. ಪಕ್ಕದ ಕಣದಿಂದ ಬೆಳೆದದ್ದರ ಜೊತೆ ಹೆಣೆದುಕೊಳ್ಳುತ್ತೆ. ಗಟ್ಟಿತನ ಬರೋದು ಆ ಹೆಣಿಗೆಯಿಂದ. ನೀರು ಸೋರದ ಗುಣ ಬರೋದು ಆ ಜಾಗಗಳು ತುಂಬಿಕೊಳ್ಳೋದರಿಂದ. ಈ ಕೆಲಸ ಮೊದಲ ವಾರದಲ್ಲಿ ಜೋರಾಗಿ, ಆಮೇಲೆ ನಿಧಾನವಾಗಿ, ತಿಂಗಳುಗಟ್ಟಲೆ ನಡೆಯುತ್ತೆ.

ಇದು ನಡೀಬೇಕಾದ್ರೆ ಆ ಸಣ್ಣ ರಂಧ್ರಗಳಲ್ಲಿ ನೀರು ಇರಬೇಕು. ರಂಧ್ರದ ಒಳಗಿನ ತೇವಾಂಶ ಸುಮಾರು 80 ಪರ್ಸೆಂಟಿಗಿಂತ ಕೆಳಗೆ ಇಳಿದ್ರೆ ಕೆಲಸ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಸಿಮೆಂಟ್ ಅಲ್ಲೇ ಇರುತ್ತೆ, ನೀವು ದುಡ್ಡೂ ಕೊಟ್ಟಿರ್ತೀರಿ, ಆದ್ರೆ ಅರ್ಧಕ್ಕೇ ಕೆಲಸ ಬಿಟ್ಟು ಕೂತಿರುತ್ತೆ. ಮೇ ತಿಂಗಳ ಮಧ್ಯಾಹ್ನ ದೆಹಲಿಯ ಗಾಳಿಯಲ್ಲಿ ತೇವಾಂಶ ಎಷ್ಟೋ ದಿನ 15–20 ಪರ್ಸೆಂಟ್ ಅಷ್ಟೇ. ಆ ಗಾಳಿಗೆ ಮೈ ಒಡ್ಡಿದ ಕಾಂಕ್ರೀಟ್ ಎಷ್ಟು ದಿನ ಒದ್ದೆ ಇರುತ್ತೆ, ನೀವೇ ಯೋಚಿಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯ ಮನೆ ಕಾಂಕ್ರೀಟ್‌ನಲ್ಲಿ 50 ಕೆಜಿ ಸಿಮೆಂಟ್ ಚೀಲಕ್ಕೆ 25 ಲೀಟರ್ ಹತ್ತಿರ ನೀರು ಇರುತ್ತೆ. ಸಿಮೆಂಟ್ ಪೂರ್ತಿ ಕೆಲಸ ಮಾಡೋಕೆ ಬೇಕಾಗೋದು ಸುಮಾರು 21 ಲೀಟರ್. ಅಂದ್ರೆ ಬೇಕಾದ ನೀರು ಒಳಗೆ ಆಗಲೇ ಇದೆ. ಕ್ಯೂರಿಂಗ್ ಅಂದ್ರೆ ಮುಖ್ಯವಾಗಿ ಹೊಸ ನೀರು ಕುಡಿಸೋದಲ್ಲ, ಇರೋ ನೀರು ಹೊರಗೆ ಹೋಗದ ಹಾಗೆ ನೋಡ್ಕೊಳ್ಳೋದು. ಇದು ಅರ್ಥ ಆದ್ರೆ ಮುಂದಿನದೆಲ್ಲ ಸುಲಭ.

ಮೊದಲ ಸಮಸ್ಯೆ: ಮೊದಲ ಆರು ಗಂಟೆ

ಕಾಂಕ್ರೀಟ್ ಹಾಕಿ ಮಟ್ಟ ಮಾಡಿದ ಮೇಲೆ ಜಲ್ಲಿ, ಮರಳು, ಸಿಮೆಂಟ್ ನಿಧಾನವಾಗಿ ಕೆಳಗೆ ಕೂರುತ್ತೆ, ತೆಳ್ಳನೆ ನೀರು ಮೇಲೆ ಬರುತ್ತೆ. ಮೇಲ್ಮೈ ಹೊಳೀತಾ ಇರುತ್ತಲ್ಲ, ಆ ನೀರು. ಗಾಳಿ ಎಷ್ಟು ನೀರು ಎಳ್ಕೊಳ್ಳುತ್ತೋ ಅದಕ್ಕಿಂತ ಹೆಚ್ಚು ಕೆಳಗಿಂದ ಮೇಲೆ ಬರ್ತಾ ಇದ್ರೆ ಏನೂ ತೊಂದರೆ ಇಲ್ಲ. ಗಾಳಿ ಜಾಸ್ತಿ ಎಳ್ಕೊಂಡ್ರೆ ಹೊಳಪು ಮಾಯ ಆಗುತ್ತೆ. ಮೇಲಿನ ಪದರ ಕುಗ್ಗೋಕೆ ನೋಡುತ್ತೆ, ಕೆಳಗಿನದು ಕುಗ್ಗಲ್ಲ. ಇನ್ನೂ ಶಕ್ತಿಯೇ ಬಂದಿಲ್ಲದ ಕಾಂಕ್ರೀಟ್ ಅಲ್ಲಿ ಸೀಳುತ್ತೆ.

ಎಷ್ಟು ನೀರು ಆರುತ್ತೆ ಅಂತ ಅಂದಾಜು ಮಾಡೋಕೆ ಪಾಲ್ ಯೂನೋ ಅನ್ನೋ ಆಸ್ಟ್ರೇಲಿಯಾದ ಎಂಜಿನಿಯರ್ 1998ರಲ್ಲಿ ಕೊಟ್ಟ ಒಂದು ಸೂತ್ರ ಇದೆ. ಲೆಕ್ಕ ಇಷ್ಟ ಇರೋರಿಗೆ ಇಲ್ಲಿ ಹಾಕ್ತೀನಿ, ಬೇಡ ಅನ್ನೋರು ಹಾರಿಸಿ ಮುಂದೆ ಹೋಗಿ.

```
E = 5 × [(Tc + 18)^2.5 − r × (Ta + 18)^2.5] × (V + 4) × 10^-6
```

ಇದರಲ್ಲಿ E ಅಂದ್ರೆ ಒಂದು ಚದರ ಮೀಟರ್‌ನಿಂದ ಒಂದು ಗಂಟೆಗೆ ಆರೋ ನೀರು, ಕೆಜಿಯಲ್ಲಿ. Tc ಕಾಂಕ್ರೀಟಿನ ಉಷ್ಣತೆ, Ta ಗಾಳಿಯ ಉಷ್ಣತೆ, r ತೇವಾಂಶ (20 ಪರ್ಸೆಂಟ್ ಅಂದ್ರೆ 0.20), V ಗಾಳಿಯ ವೇಗ, ಗಂಟೆಗೆ ಎಷ್ಟು ಕಿಲೋಮೀಟರ್ ಅಂತ.

ಈಗ ಗ್ರೇಟರ್ ನೋಯ್ಡಾದ ಮಧ್ಯಾಹ್ನ ಇಟ್ಟು ನೋಡೋಣ. ಗಾಳಿ 42 ಡಿಗ್ರಿ, ಕಾಂಕ್ರೀಟ್ 35 ಡಿಗ್ರಿ, ತೇವಾಂಶ 15 ಪರ್ಸೆಂಟ್, ‘ಲೂ’ ಅಂತಾರಲ್ಲ ಆ ಬಿಸಿಗಾಳಿ ಗಂಟೆಗೆ 20 ಕಿ.ಮೀ. ಉತ್ತರ ಬರೋದು 1.95. ಅಂದ್ರೆ ಪ್ರತಿ ಚದರ ಮೀಟರ್‌ನಿಂದ ಗಂಟೆಗೆ ಹತ್ತಿರ ಹತ್ತಿರ ಎರಡು ಲೀಟರ್. ಅಕ್ಕನ ತಾರಸಿ 84 ಚದರ ಮೀಟರ್. ಮೇಲ್ಮೈ ಒದ್ದೆ ಇರೋವರೆಗೆ ಗಂಟೆಗೆ 160 ಲೀಟರಿಗಿಂತ ಹೆಚ್ಚು ನೀರು ಆ ತಾರಸಿಯಿಂದ ಗಾಳಿಗೆ ಹೋಗ್ತಾ ಇತ್ತು. ಒಂದು ದೊಡ್ಡ ಡ್ರಮ್ ಮುಕ್ಕಾಲು ಪಾಲು ಖಾಲಿ ಆದಂಗೆ. ಯಾರ ಕಣ್ಣಿಗೂ ಕಾಣದೆ.

ಸಾಮಾನ್ಯವಾಗಿ ಇದು ಗಂಟೆಗೆ ಒಂದು ಕೆಜಿ ದಾಟಿದ್ರೆ ಬಿರುಕಿನ ಅಪಾಯ ಅಂತ ಲೆಕ್ಕ. ಹಾರುಬೂದಿ ಸೇರಿದ ಸಿಮೆಂಟ್‌ನಲ್ಲಿ ಮೇಲೆ ಬರೋ ನೀರು ಕಡಿಮೆ ಇರೋದರಿಂದ ಅರ್ಧ ಕೆಜಿಗೇ ಎಚ್ಚರ ಬೇಕು. ನಮ್ಮ ಬೆಂಗಳೂರಿನ ಮೇ ಮಧ್ಯಾಹ್ನಕ್ಕೆ ಅದೇ ಲೆಕ್ಕ ಹಾಕಿದ್ರೆ, 33 ಡಿಗ್ರಿ, 45 ಪರ್ಸೆಂಟ್ ತೇವ, ಸಣ್ಣ ಗಾಳಿ, ಅರ್ಧ ಕೆಜಿ ಆಸುಪಾಸು ಬರುತ್ತೆ. ಅಂದ್ರೆ ದೆಹಲಿಯಲ್ಲಿ ಅದರ ಸುಮಾರು ನಾಲ್ಕರಷ್ಟು. ‘ಊರಲ್ಲಿ ನಮ್ಮಪ್ಪ ಮನೆ ಕಟ್ಟಿಸುವಾಗ ಮಾರನೇ ದಿನದಿಂದ ನೀರು ಹಾಕಿದ್ರು, ಏನೂ ಆಗ್ಲಿಲ್ಲ’ ಅನ್ನೋ ಅನುಭವ ಇಲ್ಲಿ ನಡೆಯಲ್ಲ ಅನ್ನೋದು ಇದಕ್ಕೇ.

ಅಕ್ಕನಿಗೆ ಆವತ್ತು ಫೋನಲ್ಲಿ ಹೇಳಿದ್ದು ಇಷ್ಟು. ಹೆಬ್ಬೆರಳು ಒತ್ತಿ ನೋಡಿ. ಗುರುತು ಬೀಳೋ ಜಾಗದಲ್ಲಿ ಕಾಂಕ್ರೀಟಿಗೆ ಇನ್ನೂ ಜೀವ ಇದೆ. ಅಲ್ಲಿ ಮೇಸ್ತ್ರಿ ಮರದ ಉಜ್ಜುಗೊರಡಿನಿಂದ ಒತ್ತಿ ಉಜ್ಜಿದ್ರೆ ಬಿರುಕು ಬುಡದವರೆಗೆ ಸೇರ್ಕೊಳ್ಳುತ್ತೆ. ಉಜ್ಜಿದ ಹಿಂದೆಯೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಇಟ್ಟಿಗೆ ಇಡಿ, ಗಾಳಿ ಒಳಗೆ ಹೋಗಬಾರದು. ಮೇಲೆ ಒಣ ಸಿಮೆಂಟ್ ಎರಚಬೇಡಿ, ಅದು ಬಿರುಕನ್ನ ಮರೆ ಮಾಡುತ್ತೆ ಅಷ್ಟೇ, ಆಮೇಲೆ ಚಕ್ಕೆಯಾಗಿ ಏಳುತ್ತೆ.

ಹನ್ನೊಂದು ಗಂಟೆ ಆದ್ಮೇಲೆ ಹಾಕಿದ ಭಾಗ ಹೀಗೆ ಉಳೀತು. ಬೆಳಗ್ಗೆ ಎಂಟು, ಒಂಬತ್ತಕ್ಕೆ ಹಾಕಿದ ಭಾಗದಲ್ಲಿ ಹೆಬ್ಬೆರಳು ಇಳೀಲಿಲ್ಲ, ಅಲ್ಲಿನ ಬಿರುಕು ಹಾಗೇ ಉಳೀತು. ಇಂಥ ಬಿರುಕಿನಿಂದ ತಾರಸಿ ಸಾಮಾನ್ಯವಾಗಿ ಬೀಳಲ್ಲ, ಹೆದರಬೇಕಾಗಿಲ್ಲ. ಆದ್ರೆ ಕೆಲವು ಬಿರುಕು ಆರಪಾರ ಹೋಗಿರುತ್ತೆ. ಮಳೆಗಾಲದಲ್ಲಿ ಅಲ್ಲಿಂದ ಜಿನುಗುತ್ತೆ, ಕಂಬಿಗೆ ತುಕ್ಕು ಹತ್ತುತ್ತೆ. ಹಾಗಾಗಿ ಕ್ಯೂರಿಂಗ್ ಮುಗಿದು ಒಣಗಿದ ಮೇಲೆ ತೆಳುವಾದ ಎಪಾಕ್ಸಿ ಇಳಿಸಿ ತುಂಬಿಸಿ, ಆಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿದ್ರು. ಒಂದು ಪ್ಲಾಸ್ಟಿಕ್ ಹಾಳೆ ಸಮಯಕ್ಕೆ ಹೊದಿಸಿದ್ದಿದ್ರೆ ಈ ಖರ್ಚು ಬರ್ತಿರಲಿಲ್ಲ.

ಯಾವ ಹೊತ್ತಲ್ಲಿ ಹಾಕಬೇಕು

ಬೆಳಗ್ಗೆ ಬೇಗ ಹಾಕಿದ್ರೆ ಒಳ್ಳೇದು ಅನ್ನೋ ನಂಬಿಕೆ ಇದೆ. ಮುಂಜಾನೆ ಆರಕ್ಕೆ ಆರುವ ನೀರು ಕಡಿಮೆ ಅನ್ನೋದೇನೋ ನಿಜ. ಆದ್ರೆ ಬೆಳಗ್ಗೆ ಹಾಕಿದ ಕಾಂಕ್ರೀಟ್ ತನ್ನದೇ ಕಾವಿನಿಂದ ಬಿಸಿಯಾಗೋ ಹೊತ್ತಿಗೆ ಸರಿಯಾಗಿ ನೆತ್ತಿ ಮೇಲೆ ಸೂರ್ಯ ಬಂದಿರ್ತಾನೆ. ಎರಡೂ ಬಿಸಿ ಸೇರುತ್ತೆ. ಸಂಜೆ ಬಿಸಿಲು ಇಳಿದ ಮೇಲೆ ಶುರು ಮಾಡಿದ್ರೆ, ಆ ಕಾವು ಏಳೋ ಹೊತ್ತಿಗೆ ರಾತ್ರಿ ಇರುತ್ತೆ.

ಅದೇ ಮನೆಯ ಮಮಟಿ, ಅಂದ್ರೆ ಮೆಟ್ಟಿಲ ಮೇಲಿನ ಸಣ್ಣ ಕೋಣೆ, ಅದರ ಲೆಂಟರನ್ನ ಮೂರು ವಾರ ಬಿಟ್ಟು ಸಂಜೆ ಆರೂವರೆಗೆ ಹಾಕಿದ್ರು. ಗಾಳಿ 36 ಡಿಗ್ರಿ, ತೇವ 25 ಪರ್ಸೆಂಟ್, ಗಾಳಿಯ ಜೋರು ಇಳಿದಿತ್ತು. ಲೆಕ್ಕದಲ್ಲಿ ಮುಕ್ಕಾಲು ಕೆಜಿ ಬರುತ್ತೆ. ಅದೂ ಪೂರ್ತಿ ಕ್ಷೇಮ ಅಲ್ಲ, ಆದ್ರೆ ಪ್ಲಾಸ್ಟಿಕ್ ಹೊದಿಸಿದ್ರೆ ನಿಭಾಯಿಸಬಹುದು. ಜಲ್ಲಿಗೆ ಮಧ್ಯಾಹ್ನದಿಂದಲೇ ನೀರು ಚಿಮುಕಿಸಿ ನೆರಳು ಮಾಡಿದ್ರು. ಶಟರಿಂಗ್ ಹಲಗೆ, ಕಂಬಿಗಳ ಮೇಲೆ ನೀರು ಹಾಯಿಸಿ, ನಿಂತ ನೀರು ತೆಗೆದ್ರು. ಒಂದು ಬಿರುಕೂ ಬರಲಿಲ್ಲ.

ಗಾಳಿಯ ಉಷ್ಣತೆ 40 ಡಿಗ್ರಿ ದಾಟಿದಾಗ ಮಾಡೋ ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ಮಾನದಂಡವೇ ಇದೆ, ಐಎಸ್ 7861ರ ಮೊದಲ ಭಾಗ. 2024ರ ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ದಾಖಲಾಯ್ತು. ಅಂಥ ದಿನ ಮಧ್ಯಾಹ್ನ ಲೆಂಟರ್ ಹಾಕೋದೇ ಬೇಡ, ಮುಂದಕ್ಕೆ ಹಾಕಿ.

ಎರಡನೇ ಸಮಸ್ಯೆ: ಮುಂದಿನ ಎರಡು ವಾರ

ಬಿರುಕು ಬರದೇ ಮೊದಲ ದಿನ ದಾಟಿತು ಅಂದ್ಕೊಳ್ಳಿ. ಈಗ ಪ್ರಶ್ನೆ, ಎಷ್ಟು ದಿನ ಒದ್ದೆ ಇಡಬೇಕು?

ಐಎಸ್ 456, ಅಂದ್ರೆ 2000ನೇ ಇಸವಿಯ ನಮ್ಮ ಕಾಂಕ್ರೀಟ್ ಸಂಹಿತೆ, ಹೀಗೆ ಹೇಳುತ್ತೆ. ಮಾಮೂಲಿ ಒಪಿಸಿ ಸಿಮೆಂಟ್ ಆದ್ರೆ ಕನಿಷ್ಠ 7 ದಿನ. ಹಾರುಬೂದಿ, ಸ್ಲ್ಯಾಗ್ ಬೆರೆಸಿದ ಸಿಮೆಂಟ್ ಆದ್ರೆ ಕನಿಷ್ಠ 10 ದಿನ. ಬಿಸಿ, ಒಣ ಹವೆ ಇದ್ರೆ ಯಾವ ಸಿಮೆಂಟ್ ಆದ್ರೂ 10 ದಿನಕ್ಕಿಂತ ಕಡಿಮೆ ಇರಬಾರದು. ಬೆರಕೆ ಸಿಮೆಂಟ್ ಆದ್ರೆ 14 ದಿನಕ್ಕೆ ಏರಿಸಿ ಅಂತ ಶಿಫಾರಸು.

ಈಗ ನಿಮ್ಮ ಮನೆಯ ಚೀಲ ತಿರುಗಿಸಿ ನೋಡಿ. ಅಂಗಡಿಯಲ್ಲಿ ಮನೆಕಟ್ಟೋರಿಗೆ ಸಿಗೋದರಲ್ಲಿ ಬಹಳಷ್ಟು ಪಿಪಿಸಿ, ಅಂದ್ರೆ ಹಾರುಬೂದಿ ಸೇರಿದ್ದು. ಹಾರುಬೂದಿ ತಾನಾಗಿ ಬೇಗ ಕೆಲಸ ಮಾಡಲ್ಲ. ಸಿಮೆಂಟ್ ಮೊದಲು ಕೆಲಸ ಮಾಡಿ ಸುಣ್ಣ ಬಿಟ್ಟುಕೊಡಬೇಕು, ಆಮೇಲೆ ಆ ಸುಣ್ಣದ ಜೊತೆ ಬೂದಿ ಸೇರುತ್ತೆ. ಎರಡನೇ ಪಂಕ್ತಿಯ ಊಟದ ಹಾಗೆ. ಮೊದಲ ಪಂಕ್ತಿ ಎದ್ದ ತಕ್ಷಣ ನೀವು ನೀರು ನಿಲ್ಲಿಸಿದ್ರೆ ಎರಡನೆಯವರು ಉಪವಾಸ. ಹಾಗಾಗಿ ದೆಹಲಿ ಬೇಸಿಗೆ, ಪಿಪಿಸಿ ಸಿಮೆಂಟ್, ಎರಡೂ ಸೇರಿದ್ರೆ ಉತ್ತರ ಒಂದೇ: 14 ದಿನ. ಏನೇ ಆದ್ರೂ 10ಕ್ಕಿಂತ ಕಡಿಮೆ ಬೇಡ.

ಇಲ್ಲಿ ಒಬ್ಬರು ಜಾಣ ಪ್ರಶ್ನೆ ಕೇಳಿದ್ರು. ‘ಬಿಸಿಯಲ್ಲಿ ಕಾಂಕ್ರೀಟ್ ಬೇಗ ಗಟ್ಟಿಯಾಗುತ್ತಲ್ಲ, ಹಾಗಾದ್ರೆ ಬೇಸಿಗೆಯಲ್ಲಿ ಕಡಿಮೆ ದಿನ ಸಾಕಲ್ವಾ?’ ಬೇಗ ಗಟ್ಟಿಯಾಗೋದು ನಿಜ. ಆದ್ರೆ ಬಿಸಿಯಲ್ಲಿ ಅವಸರವಾಗಿ ಬೆಳೆದ ಹೆಣಿಗೆ ಒರಟಾಗಿರುತ್ತೆ, ಮಧ್ಯೆ ಸಂದು ಜಾಸ್ತಿ. ಮೊದಲ ವಾರ ಮುಂದೆ ಓಡಿದ ಕಾಂಕ್ರೀಟ್ ತಿಂಗಳ ಹೊತ್ತಿಗೆ ತಂಪಲ್ಲಿ ಬೆಳೆದದ್ದಕ್ಕಿಂತ ಹಿಂದೆ ಬೀಳುತ್ತೆ. ಜೊತೆಗೆ ಒಣಗೋ ವೇಗವೂ ಜಾಸ್ತಿ. ಹಾಗಾಗಿ ದಿನ ಹೆಚ್ಚು ಮಾಡ್ಬೇಕೇ ಹೊರತು ಕಡಿಮೆ ಮಾಡೋದಲ್ಲ.

ನೀರು ನಿಲ್ಲಿಸಿದ್ರೆ ತಾರಸಿ ಬೀಳುತ್ತಾ? ಸಾಮಾನ್ಯವಾಗಿ ಇಲ್ಲ. ಒಣಗೋದು ಮೇಲಿನಿಂದ ಒಳಕ್ಕೆ, ನಡುವಿನ ಭಾಗ ಬಹಳ ದಿನ ಒದ್ದೆ ಇರುತ್ತೆ. ಹೊಡೆತ ಬೀಳೋದು ಹೊರಗಿನ ಎರಡು ಮೂರು ಸೆಂಟಿಮೀಟರಿಗೆ. ತೊಂದರೆ ಏನಂದ್ರೆ, ಕಂಬಿಯನ್ನ ಕಾಯೋದು ಆ ಎರಡು ಮೂರು ಸೆಂಟಿಮೀಟರೇ. ತಾರಸಿಯಲ್ಲಿ ಕಂಬಿಗೂ ಹೊರಗಿನ ಗಾಳಿಗೂ ನಡುವೆ ಇರೋದು 20 ಮಿಲಿಮೀಟರ್ ಕವರ್ ಅಷ್ಟೇ. ಆ ಪದರ ಸಂದು ಸಂದಾಗಿ ಉಳಿದ್ರೆ ಗಾಳಿಯ ಇಂಗಾಲದ ಡೈಆಕ್ಸೈಡ್, ಮಳೆ ನೀರು ಎರಡೂ ಬೇಗ ಒಳಗೆ ಇಳಿಯುತ್ತೆ. ಕಂಬಿಗೆ ತುಕ್ಕು ಹತ್ತುತ್ತೆ, ತುಕ್ಕು ಉಬ್ಬುತ್ತೆ, ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಬೀಳುತ್ತೆ. ಬಾಲ್ಕನಿ ಕೆಳಗೆ ಕೆಂಪು ಕಂಬಿ ಹಲ್ಲು ಕಿರಿಯೋದು ನೋಡಿರ್ತೀರಲ್ಲ? ಅದಕ್ಕೆ ಬೇರೆ ಕಾರಣಗಳೂ ಇರುತ್ತೆ, ಆದ್ರೆ ಮೊದಲ ಎರಡು ವಾರದಲ್ಲಿ ಉಳಿಸಿದ ನೀರೂ ಒಂದು ಕಾರಣ.

ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಸಾಲದು

ಇಲ್ಲಿ ಚೌಕೀದಾರನಿಗೆ ಪೈಪ್ ಕೊಟ್ಟು ದಿನಕ್ಕೆ ಎರಡು ಸಲ ನೀರು ಹೊಡೆಸೋದು ರೂಢಿ. ಮೇ ತಿಂಗಳಲ್ಲಿ ಬೆಳಗ್ಗೆ ಏಳಕ್ಕೆ ಹೊಡೆದ ನೀರು ಎಂಟೂವರೆಗೆ ಇರಲ್ಲ. ಅಲ್ಲಿಂದ ಸಂಜೆ ಆರರವರೆಗೆ ಕಾಂಕ್ರೀಟ್ ಕಾದ ಹೆಂಚು. ಆಮೇಲೆ ಅದರ ಮೇಲೆ ತಣ್ಣೀರು. ಒದ್ದೆ, ಒಣ, ಒದ್ದೆ, ಒಣ ಅಂತ ದಿನಾ ಹಿಗ್ಗಿ ಕುಗ್ಗಿ ಮೈಮೇಲೆ ಜೇಡರ ಬಲೆ ಥರ ಸಣ್ಣ ಬಿರುಕು ಬರುತ್ತೆ. ಸಂಹಿತೆಯ ಮಾತೂ ‘ನಿರಂತರ ಒದ್ದೆ’ ಅಂತಲೇ ಇದೆ.

ಅಕ್ಕನ ತಾರಸಿಗೆ ನಾವು ಮಾಡಿದ ಕ್ರಮ ಹೇಳ್ತೀನಿ. ಹಾಕಿದ ದಿನ ರಾತ್ರಿಯವರೆಗೆ ಪ್ಲಾಸ್ಟಿಕ್ ಹಾಳೆ. ರಾತ್ರಿ ಮೇಲ್ಮೈ ಗಟ್ಟಿಯಾದ ಮೇಲೆ, ಬೆರಳಿನ ಗುರುತು ಬೀಳದ ಹಾಗೆ ಆದಾಗ, ಹಾಳೆ ತೆಗೆದು ನೆನೆಸಿದ ಗೋಣಿತಟ್ಟು ಹಾಸಿದ್ರು. ಇಲ್ಲಿ ಅದಕ್ಕೆ ‘ಟಾಟ್’ ಅಂತಾರೆ. ಅದರ ಮೇಲೆ ಮತ್ತೆ ಅದೇ ಪ್ಲಾಸ್ಟಿಕ್. ಮಾರನೇ ದಿನ ಸಂಜೆ ಇಡೀ ತಾರಸಿಯನ್ನ ತೆಳು ಗಾರೆಯ ಕಟ್ಟೆ ಹಾಕಿ ಪಾತಿ ಪಾತಿಯಾಗಿ ಭಾಗ ಮಾಡಿದ್ರು. ತರಕಾರಿ ತೋಟದಲ್ಲಿ ಪಾತಿ ಮಾಡ್ತೀವಲ್ಲ, ಹಾಗೆ. ಇಲ್ಲಿನವರು ‘ಕ್ಯಾರಿ’ ಅಂತಾರೆ. ಅದರಲ್ಲಿ ಒಂದು ಇಂಚು ನೀರು.

ನೀರಿನ ಲೆಕ್ಕವೂ ನೋಡಿ. ಒಂದು ಇಂಚು ತುಂಬೋಕೆ ಸುಮಾರು 2,100 ಲೀಟರ್. ತೆರೆದ ನೀರು ಆ ಬಿಸಿಲಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ಆರಿದ್ರೂ 840 ಲೀಟರ್ ಮತ್ತೆ ಬೇಕು. ಕಟ್ಟೆ ಸೋರೋದು ಬೇರೆ. ಆರನೇ ದಿನ ಟ್ಯಾಂಕರ್ ಬರಲಿಲ್ಲ. ಅಕ್ಕ ಗಾಬರಿಯಾದ್ರು. ಮೊದಲು ಹೇಳಿದ ಸೂಕ್ಷ್ಮ ನೆನಪಿದೆಯಾ? ಬೇಕಾದ ನೀರು ಒಳಗೇ ಇದೆ, ಅದು ಹೊರಗೆ ಹೋಗಬಾರದು ಅಷ್ಟೇ. ಮತ್ತೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಾಸಿದ್ರು. ಹಾಳೆಗಳು ಒಂದರ ಮೇಲೊಂದು ಒಂದಡಿ ಬರೋ ಹಾಗೆ, ಅಂಚಿಗೆ ಇಟ್ಟಿಗೆ ಭಾರ. ಆಮೇಲೆ ದಿನಕ್ಕೆ ನಾಲ್ಕಾರು ಬಕೆಟ್ ನೀರು ಸಾಕಾಯ್ತು. ಹದಿನಾಲ್ಕನೇ ದಿನದವರೆಗೆ ಹಾಗೇ ನಡೀತು. ನೀರಿಗೆ ತತ್ವಾರ ಇರೋ ಕಡೆ ನಾನು ಮೊದಲಿಂದಲೇ ಇದನ್ನೇ ಹೇಳ್ತೀನಿ.

ಇದರಲ್ಲಿ ಇನ್ನೊಂದು ಲಾಭ ಇದೆ. 2024ರ ಬೇಸಿಗೆಯಲ್ಲಿ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಕಟ್ಟಡ ಕಾರ್ಮಿಕರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಸಂಬಳಸಹಿತ ಬಿಡುವು ಕೊಡಿ ಅಂತ ಸೂಚಿಸಿದ್ರು. ಗೋಣಿ, ಪ್ಲಾಸ್ಟಿಕ್ ಹಾಸಿದ್ರೆ ಆ ಹೊತ್ತಲ್ಲಿ ಪೈಪ್ ಹಿಡ್ಕೊಂಡು ಯಾರೂ ತಾರಸಿ ಹತ್ತಬೇಕಾಗಿಲ್ಲ.

ಕಂಬಗಳನ್ನ ಮರೀಬೇಡಿ. ತಾರಸಿ ಮೇಲೆ ನೀರು ನಿಲ್ಲುತ್ತೆ, ಕಂಬದ ಮೇಲೆ ನಿಲ್ಲಲ್ಲ. ನಾನು ನೋಡಿದ ಮನೆಗಳಲ್ಲಿ ಅತಿ ಕಡಿಮೆ ಕ್ಯೂರಿಂಗ್ ಆಗಿರೋದು ಕಂಬಗಳಿಗೇ. ಪೆಟ್ಟಿಗೆ ಬಿಚ್ಚಿದ ಗಂಟೆಯೊಳಗೆ ನೆನೆಸಿದ ಗೋಣಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ಸುತಳಿಯಿಂದ ಬಿಗಿಯಾಗಿ ಕಟ್ಟಿ. ಮೇಲಿನ ತುದಿಯಿಂದ ದಿನಕ್ಕೆ ಎರಡು ಸಲ ನೀರು ಬಿಟ್ರೆ ಗೋಣಿ ಒದ್ದೆ ಇರುತ್ತೆ. ಕಂಬಕ್ಕೂ ಅದೇ 14 ದಿನ.

ಯಾವ ನೀರು

ಗುರುಗ್ರಾಮದಲ್ಲಿ ಕಟ್ಟಡ ಕೆಲಸಕ್ಕೆ ಅಂತರ್ಜಲ ಬಳಸಬಾರದು ಅಂತ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2012ರಲ್ಲೇ ಹೇಳಿದೆ. ಸಂಸ್ಕರಿಸಿದ ನೀರು ಬಳಸಬೇಕು. ಕಾನೂನು ಒಂದು ಕಡೆ ಇರಲಿ, ಈ ಭಾಗದ ಎಷ್ಟೋ ಕಡೆ ಬೋರ್ ನೀರು ಉಪ್ಪು. ಐಎಸ್ 456 ಪ್ರಕಾರ ಕಂಬಿ ಇರೋ ಕಾಂಕ್ರೀಟಿಗೆ ಬಳಸೋ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಪಾತಿಯಲ್ಲಿ ನಿಂತ ನೀರು ಆರಿದಾಗ ಉಪ್ಪು ಆರಲ್ಲ, ಅಲ್ಲೇ ಉಳಿಯುತ್ತೆ. ದಿನಾ ಹೊಸ ಉಪ್ಪುನೀರು ಸುರಿದ್ರೆ ಗಟ್ಟಿಯಾಗ್ತಾ ಹೋಗುತ್ತೆ. ಬಾಯಿಗೆ ಉಪ್ಪು ಅನ್ನಿಸೋ ನೀರಾದ್ರೆ ಬಿಡಿ. ಸಂದೇಹ ಇದ್ರೆ ಒಂದು ಬಾಟ್ಲಿ ನೀರನ್ನ ಲ್ಯಾಬಿಗೆ ಕೊಟ್ಟು ಕ್ಲೋರೈಡ್, ಸಲ್ಫೇಟ್ ನೋಡಿಸಿ. ಸಂಸ್ಕರಿಸಿದ ನೀರಿಗೂ ಇದೇ ಪರೀಕ್ಷೆ.

ಸರಿಯಾಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ

ಠೇಕೇದಾರ ಒಂದು ಕಾಗದ ತೋರಿಸ್ತಾನೆ, ‘ಕ್ಯೂಬ್ ಪಾಸಾಗಿದೆ’ ಅಂತ. ಅದನ್ನ ನಂಬಿ, ಆದ್ರೆ ಅದು ಏನು ಹೇಳುತ್ತೆ ಅಂತ ತಿಳ್ಕೊಂಡು ನಂಬಿ. ಆ ಕ್ಯೂಬನ್ನ ಲ್ಯಾಬಿನ ತೊಟ್ಟಿಯಲ್ಲಿ 27 ಡಿಗ್ರಿ ಆಸುಪಾಸಿನ ನೀರಲ್ಲಿ 28 ದಿನ ಮುಳುಗಿಸಿಟ್ಟಿರ್ತಾರೆ. ಕಾಂಕ್ರೀಟಿನ ಮಿಶ್ರಣ ಸರಿ ಇತ್ತು ಅಂತ ಅದು ಹೇಳುತ್ತೆ. ನಿಮ್ಮ ತಾರಸಿಗೆ ನೀರು ಹಾಕಿದ್ರಾ ಅಂತ ಹೇಳಲ್ಲ. ಕ್ಯೂಬ್ ತೊಟ್ಟಿಯಲ್ಲಿ ತಣ್ಣಗಿತ್ತು, ತಾರಸಿ ಮಾತ್ರ ಲೂ ಗಾಳಿಯಲ್ಲಿತ್ತು.

ತಾರಸಿಯನ್ನೇ ಕೇಳಬೇಕು. ಮಧ್ಯಾಹ್ನ ಎರಡು ಗಂಟೆಗೆ ಹೇಳದೆ ಕೇಳದೆ ಹೋಗಿ. ಪ್ಲಾಸ್ಟಿಕ್ಕಿನ ಒಂದು ಮೂಲೆ ಎತ್ತಿ, ಗೋಣಿ ಹಿಂಡಿದ್ರೆ ನೀರು ಬರಬೇಕು. ಕಾಂಕ್ರೀಟ್ ಬಣ್ಣ ಗಾಢ ಬೂದು ಇರಬೇಕು. ಬಿಳಿಚಿಕೊಂಡಿದ್ರೆ ಅಲ್ಲಿ ಒಣಗಿದೆ ಅಂತ ಅರ್ಥ. ಎರಡು ವಾರ ಕಳೆದ ಮೇಲೆ, ಪೂರ್ತಿ ಒಣಗಿದಾಗ, ಅಂಗೈಯಿಂದ ಉಜ್ಜಿ ನೋಡಿ. ಬಿಳಿ ಪುಡಿ ಮೆತ್ತಿಕೊಂಡ್ರೆ, ಬೀಗದ ಕೈಯಿಂದ ಗೀರಿದಾಗ ಸುಲಭವಾಗಿ ಮರಳು ಕಿತ್ತು ಬಂದ್ರೆ, ಮೇಲಿನ ಪದರಕ್ಕೆ ನೀರು ಸಾಕಾಗಿಲ್ಲ. ಹೀಗಾದ ಮೇಲೆ ತಡವಾಗಿ ನೀರು ಹಾಕಿದ್ರೆ ಸ್ವಲ್ಪ ಚೇತರಿಸಿಕೊಳ್ಳುತ್ತೆ, ಪೂರ್ತಿ ಅಲ್ಲ. ಮೂರು ದಿನ ಮರೆತಿದ್ರೆ ನಾಲ್ಕನೇ ದಿನವಾದ್ರೂ ಶುರು ಮಾಡಿ, ಅಲ್ಲಿಂದ ಹೊಸದಾಗಿ ದಿನ ಎಣಿಸಿ.

ಅಕ್ಕನ ಮನೆಗೆ ಮಳೆಗಾಲ ಕಳೆದ ಮೇಲೆ ಹೋಗಿದ್ದೆ. ಎಪಾಕ್ಸಿ ತುಂಬಿದ ಗೆರೆಗಳು ತಾರಸಿಯ ಒಂದು ಬದಿಯಲ್ಲಿ ಇನ್ನೂ ಕಾಣ್ತಿದ್ವು. ಸೋರಿಲ್ಲ. ಮಮಟಿಯ ಮೇಲೆ ಒಂದು ಗೆರೆಯೂ ಇಲ್ಲ. “ಅವತ್ತ ಊಟಕ್ಕ ಹೋಗೋಕಿಂತ ಮೊದ್ಲ ಹಾಳಿ ಹಾಸಿದ್ರ ಆಗ್ತಿತ್ತು ನೋಡ್ರಿ” ಅಂದ್ರು. ನೀವು ಲೆಂಟರ್ ಹಾಕೋ ದಿನ ಜಲ್ಲಿ, ಸಿಮೆಂಟ್, ಕಂಬಿ ಎಲ್ಲ ಬಂತಾ ಅಂತ ನೋಡ್ತೀರಲ್ಲ, ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಹಾಳೆ, ಗೋಣಿತಟ್ಟು ಎರಡನ್ನೂ ಸೇರಿಸಿ. ಅವು ತಾರಸಿ ಮೇಲೆ ಬಂದು ಕೂತ ಮೇಲೇ ಮೊದಲ ಬಾಂಡ್ಲಿ ಕಾಂಕ್ರೀಟ್ ಸುರಿಯಲಿ.

ನಿಮ್ಮ ಮನೆಯ ಫೋಟೋ, ಪ್ರಶ್ನೆ ಇದ್ರೆ ಕಳಿಸಿ. ಹಾಕಿದ ಹೊತ್ತು, ಸಿಮೆಂಟ್ ಯಾವುದು, ಮೊದಲ ನೀರು ಯಾವಾಗ ಬಿತ್ತು, ಈ ಮೂರನ್ನ ಜೊತೆಗೆ ಬರೀರಿ.